ಫ್ರಿಜ್ ಬಾಗಿಲಿನ ರಬ್ಬರಿಗೆ ಹೇರ್ ಡ್ರೈಯರೋ, ಬಿಸಿನೀರೋ?

ಕೊಡಗಿನ ಮಳೆಗಾಲದಲ್ಲಿ ಫ್ರಿಜ್ ಬಾಗಿಲಿನ ಅಂಚು ಬೆವರಿದರೆ ಹವೆಯನ್ನು ದೂರಿ ಸುಮ್ಮನಾಗುತ್ತೇವೆ. ರಬ್ಬರ್ ಸಡಿಲವಾಗಿದ್ದರೆ ಅದೇ ತೇವ ಒಳಗೂ ನುಗ್ಗಿ ಫ್ರೀಜರಿನಲ್ಲಿ ಐಸ್ ಆಗಿ ಕೂರುತ್ತದೆ. ತಪ್ಪು ಹವೆಯದೋ ರಬ್ಬರಿನದೋ ಎಂದು ತಿಳಿಯಲು ಬಾಗಿಲಿನ ಸಂದಿಗೆ ಒಂದು ಕಾಗದದ ತುಂಡು ಸಿಕ್ಕಿಸಿ ಎಳೆದು ನೋಡಬೇಕು.

ಮೊದಲು ಸೋಪು ನೀರಿನಲ್ಲಿ ರಬ್ಬರಿನ ಮಡಿಕೆಗಳನ್ನು ಒರೆಸಿ ಪೂರ್ತಿ ಒಣಗಿಸಿ. ಅಂಟು ಉಳಿದರೆ ಸಡಿಲ ಜಾಗವೂ ಕಾಗದವನ್ನು ಹಿಡಿದುಕೊಂಡು ಮೋಸ ಮಾಡುತ್ತದೆ. ಎರಡು ಬೆರಳಗಲದ ಗರಿಗರಿ ಕಾಗದ ಸಾಕು. ಆಟಿ ಮಳೆಯಲ್ಲಿ ಮೆತ್ತಗಾದದ್ದು ಬೇಡ. ಅರ್ಧ ಒಳಗೆ, ಅರ್ಧ ಹೊರಗೆ ಇಟ್ಟು ಬಾಗಿಲು ಮುಚ್ಚಿ ಮೆಲ್ಲಗೆ ಎಳೆಯಿರಿ. ಬಿಗಿ ಹಿಡಿತ ಕೈಗೆ ತಿಳಿಯಬೇಕು. ಅರ್ಧ ಗೇಣಿಗೊಮ್ಮೆ ಸುತ್ತಲೂ ನೋಡಿ, ಜಾರಿದಲ್ಲಿ ಪೆನ್ಸಿಲ್ ಗುರುತು ಹಾಕಿ. ಒಳಗೆ ಟಾರ್ಚ್ ಹಚ್ಚಿಟ್ಟು ಕತ್ತಲಲ್ಲಿ ನೋಡುವವರೂ ಇದ್ದಾರೆ. ಅದರಲ್ಲಿ ಬಿರುಕು ಮಾತ್ರ ಕಾಣುತ್ತದೆ. ತಾಗಿದ್ದರೂ ಒತ್ತದ ಜಾಗ ಕಾಣುವುದಿಲ್ಲ. ನಮ್ಮ ಮತ ಕಾಗದಕ್ಕೇ.

ಹಿಡಿಯ ಬದಿಯ ಕೆಳಮೂಲೆಯಲ್ಲಿ ಗೇಣುದ್ದ ಮಾತ್ರ ಕಾಗದ ಜಾರುತ್ತದೆ, ಉಳಿದೆಡೆ ಬಿಗಿ ಎಂದಿಟ್ಟುಕೊಳ್ಳಿ. ರಬ್ಬರ್ ಅಲ್ಲಿ ಒಳಕ್ಕೆ ಮಡಚಿ ಕೂತಿರುತ್ತದೆ. ಇದಕ್ಕೆ ಹೇರ್ ಡ್ರೈಯರ್ ಒಳ್ಳೆಯದು: ಫ್ರಿಜ್ ಪ್ಲಗ್ ತೆಗೆದು, ಗೇಣು ದೂರದಿಂದ ಮಧ್ಯಮ ಬಿಸಿಯಲ್ಲಿ ಒಂದೇ ಕಡೆ ನಿಲ್ಲಿಸದೆ ಎರಡು ನಿಮಿಷ ಆಡಿಸಿ. ಮೆತ್ತಗಾದ ಮೇಲೆ ಮಡಿಕೆಯನ್ನು ಹೊರಕ್ಕೆ ಎಳೆದು ಬಾಗಿಲು ಮುಚ್ಚಿ, ತಣಿಯುವವರೆಗೆ ತೆರೆಯಬೇಡಿ. ರಬ್ಬರ್ ಹೊಸ ಆಕಾರ ಹಿಡಿಯುವುದೇ ತಣಿಯುವಾಗ. ಬಿಸಿ ಹೆಚ್ಚಾದರೆ ಅಂಚು ಸುಕ್ಕುಗಟ್ಟುತ್ತದೆ, ಒಳಗಿನ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಇಡೀ ರಬ್ಬರ್ ಅಲೆಅಲೆಯಾಗಿದ್ದರೆ ಡ್ರೈಯರ್ ಬೇಸರದ ಕೆಲಸ. ಗಾಳಿಮಳೆಗೆ ಕರೆಂಟ್ ಹೋದ ದಿನ ಆ ಮಾತೂ ಇಲ್ಲ. ಆಗ ಬಚ್ಚಲ ಹಂಡೆಯ ನೀರೇ ಸರಿ. ಬಾಗಿಲಿನ ಅಂಚಿನ ಸಂದಿನಲ್ಲಿ ಒತ್ತಿ ಕೂರಿಸಿದ ರಬ್ಬರನ್ನು ಮೂಲೆಯಿಂದ ಎಳೆದು ಬಿಡಿಸಿ, ಕೈ ಅದ್ದಲಾಗದಷ್ಟು ಬಿಸಿಯಾದ, ಆದರೆ ಕುದಿಯದ ನೀರಿನಲ್ಲಿ ಕೆಲವು ನಿಮಿಷ ಮುಳುಗಿಸಿ. ಇಕ್ಕುಳದಿಂದ ತೆಗೆದು, ಸಮತಟ್ಟಾಗಿ ಹರವಿ, ಒರೆಸಿ, ಮೊದಲು ನಾಲ್ಕು ಮೂಲೆ ಕೂರಿಸಿ ಆಮೇಲೆ ಬದಿಗಳನ್ನು ಒತ್ತಿ. ಬದಿಯಿಂದ ಶುರು ಮಾಡಿದರೆ ಕೊನೆಯ ಮೂಲೆಯಲ್ಲಿ ರಬ್ಬರ್ ಉಬ್ಬುತ್ತದೆ. ಸ್ಕ್ರೂ ಹಾಕಿದ ಹಳೆಯ ಬಾಗಿಲಿಗೆ ಈ ದಾರಿ ಬೇಡ, ಬಿಚ್ಚಿದರೆ ಬಾಗಿಲೇ ತಿರುಚಬಹುದು.

ಹಿಂಜ್ ಬದಿಯಲ್ಲಿ ರಬ್ಬರ್ ಉಜ್ಜಿಕೊಂಡು ಮಡಚುತ್ತಿದ್ದರೆ ತೆಳುವಾಗಿ ವ್ಯಾಸಲಿನ್ ಸವರಿದರೆ ಸಾಕು. ಹಿಡಿಯ ಬದಿಯ ಮೇಲ್ಮೂಲೆ ಮಾತ್ರ ಸಡಿಲವಿದ್ದು ಬಾಗಿಲು ಜೋತಿದ್ದರೆ ಬಿಸಿ ಮಾಡಿ ಫಲವಿಲ್ಲ. ಹಿಂಜಿನ ಬೋಲ್ಟ್ ಬಿಗಿಯಬೇಕು.

ಮರುದಿನ ಅದೇ ಪೆನ್ಸಿಲ್ ಗುರುತುಗಳಲ್ಲಿ ಮತ್ತೆ ಕಾಗದ ಎಳೆಯಿರಿ. ಮತ್ತೂ ಜಾರಿದರೆ, ರಬ್ಬರ್ ಹರಿದಿದ್ದರೆ ಅಥವಾ ಒಳಗಿನ ಅಯಸ್ಕಾಂತದ ಪಟ್ಟಿ ತುಂಡಾಗಿದ್ದರೆ, ಫ್ರಿಜ್ಜಿನ ಸ್ಟಿಕ್ಕರಿನಲ್ಲಿರುವ ಮಾಡೆಲ್ ನಂಬರ್ ಬರೆದುಕೊಂಡು ಹೊಸದನ್ನೇ ತರಿಸಿ.