ಕೊಟೇಶನ್‌ನಲ್ಲಿ 4 ವರ್ಷ, ನನ್ನ ಲೆಕ್ಕದಲ್ಲಿ ಏಳೂವರೆ: ತಾರಸಿ ಸೋಲಾರ್ ಬಳಸಿದ ಮೇಲೆ

ಪ್ಯಾನೆಲ್‌ಗಳ ಬಗ್ಗೆ ನನ್ನ ದೂರೇನೂ ಇಲ್ಲ. 3 ಕಿಲೋವ್ಯಾಟ್‌ನ ವ್ಯವಸ್ಥೆ ಹಾಕಿಸಿ ಎರಡು ವರ್ಷ ದಾಟಿತು, ಸುಮ್ಮನೆ ತನ್ನ ಕೆಲಸ ಮಾಡಿಕೊಂಡಿದೆ. ಸಿಟ್ಟಿರುವುದು ಅದರ ಜೊತೆ ಬಂದ ಕೊಟೇಶನ್ ಮೇಲೆ. ಅದರ ಕೊನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಒಂದು ಸಾಲಿತ್ತು: ‘ಹಾಕಿದ ಹಣ 4 ವರ್ಷಗಳಲ್ಲಿ ವಾಪಸ್.’ ಆರ್ಡರ್ ಕೊಡುವ ಮುಂಚೆ ಹಳೆಯ ಬಿಲ್‌ಗಳನ್ನು ಹರಡಿಕೊಂಡು ಕೂತಾಗ ಆ ನಾಲ್ಕು ಎಂಟಾಗುತ್ತಾ ಹೋಯಿತು. ಆದರೂ ಹಾಕಿಸಿದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ದರ ಎಲ್ಲ ಕಡೆ ಒಂದೇ ಇರುವುದಿಲ್ಲವಾದ್ದರಿಂದ ಹಣದ ಬದಲು ಯೂನಿಟ್‌ನಲ್ಲೇ ಲೆಕ್ಕ ಹೇಳುತ್ತೇನೆ. ಕೊಟೇಶನ್‌ನ ಒಟ್ಟು ಮೊತ್ತವನ್ನು ಒಂದು ಯೂನಿಟ್‌ನ ದರದಿಂದ ಭಾಗಿಸಿದರೆ, ‘ಇಷ್ಟು ಯೂನಿಟ್ ಉಳಿಸಿದರೆ ಅಸಲು ಬಂತು’ ಅನ್ನುವ ಸಂಖ್ಯೆ ಸಿಗುತ್ತದೆ. ಮಾರಾಟಗಾರರ ಪ್ರಕಾರ ಅದು 18,000. ವರ್ಷಕ್ಕೆ 4,500 ಯೂನಿಟ್ ಉತ್ಪಾದನೆ, ಹಾಗಾಗಿ 4 ವರ್ಷ. ಭಾಗಾಕಾರ ಸರಿಯಾಗೇ ಇದೆ. ಒಳಗೆ ಹಾಕಿದ ಸಂಖ್ಯೆಗಳು ಮಾತ್ರ ಒಂದೂ ನನ್ನ ಮನೆಯವಲ್ಲ.

ಮೊದಲನೆಯದು ದರ. ಅವರು ನನ್ನ ಬಿಲ್‌ನ ಒಟ್ಟು ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿ ‘ನಿಮಗೆ ಒಂದು ಯೂನಿಟ್ ಇಷ್ಟಕ್ಕೆ ಬೀಳುತ್ತಿದೆ’ ಅಂದಿದ್ದರು. ಆದರೆ ಆ ಮೊತ್ತದಲ್ಲಿ ಐದರಲ್ಲೊಂದು ಪಾಲು ನಿಗದಿತ ಶುಲ್ಕ. ತಾರಸಿ ತುಂಬ ಪ್ಯಾನೆಲ್ ಹಾಕಿದರೂ ಅದು ಬಿಲ್‌ನಲ್ಲಿ ಬಂದೇ ಬರುತ್ತದೆ. ಅದನ್ನು ಕಳೆದರೆ ನಾನು ಉಳಿಸುವ ಪ್ರತಿ ಯೂನಿಟ್‌ನ ಬೆಲೆ ಅವರು ಹೇಳಿದ್ದರ ಐದರಲ್ಲಿ ನಾಲ್ಕು ಪಾಲು ಮಾತ್ರ. 18,000 ಅಲ್ಲಿಗೇ 22,500 ಆಯಿತು. (ನಿಮ್ಮ ದರ ಸ್ಲ್ಯಾಬ್ ಲೆಕ್ಕದ್ದಾದರೆ ಸೋಲಾರ್ ಮೊದಲು ಕತ್ತರಿಸುವುದು ಮೇಲಿನ ದುಬಾರಿ ಸ್ಲ್ಯಾಬನ್ನು. ಅದು ಮುಗಿದ ಮೇಲೆ ಉಳಿಸುವ ಯೂನಿಟ್‌ಗಳಿಗೆ ಬೆಲೆ ಕಡಿಮೆ. ತಿಂಗಳು ತಿಂಗಳ ಬಿಲ್ ನೋಡದೆ ಇದು ಗೊತ್ತಾಗುವುದಿಲ್ಲ.)

ಎರಡನೆಯದು ಉತ್ಪಾದನೆ. PVGIS ಅನ್ನುವ ಉಚಿತ ಅಂತರ್ಜಾಲ ಸಾಧನದಲ್ಲಿ ಜಾಗ, ಪ್ಯಾನೆಲ್‌ನ ಓರೆ, ಮುಖ ಮಾಡಿರುವ ದಿಕ್ಕು ಕೊಟ್ಟರೆ ತಿಂಗಳುವಾರು ಅಂದಾಜು ಬರುತ್ತದೆ. ವೈರು, ಇನ್ವರ್ಟರ್, ಧೂಳು ಇತ್ಯಾದಿಗಳ ನಷ್ಟಕ್ಕೆಂದು ಅದರಲ್ಲಿ ಮೊದಲೇ 14% ಕಳೆಯಲು ಇಟ್ಟಿರುತ್ತಾರೆ. ನನ್ನ ತಾರಸಿಗೆ ಬಂದದ್ದು 4,200. ವ್ಯತ್ಯಾಸ ದೊಡ್ಡದಲ್ಲ, ಇದಕ್ಕೆ ಜಗಳವಾಡಲಿಲ್ಲ.

ನಿಜವಾದ ಪೆಟ್ಟು ಮೂರನೆಯದು. ಪ್ಯಾನೆಲ್ ಉತ್ಪಾದಿಸುವ ಹೊತ್ತಿನಲ್ಲೇ ಮನೆಯಲ್ಲಿ ಖರ್ಚಾದ ಯೂನಿಟ್‌ಗೆ ಪೂರ್ತಿ ಬೆಲೆ, ಯಾಕೆಂದರೆ ಅಷ್ಟನ್ನು ನಾನು ಕೊಳ್ಳುವುದು ತಪ್ಪಿತು. ಮಿಕ್ಕಿದ್ದು ಗ್ರಿಡ್‌ಗೆ ಹೋಗುತ್ತದೆ. ಕೆಲವು ಕಡೆ ಅದಕ್ಕೂ ಯೂನಿಟ್‌ಗೆ ಯೂನಿಟ್ ಲೆಕ್ಕ ಸಿಗುತ್ತದೆ. ನನ್ನ ಒಪ್ಪಂದದಲ್ಲಿ ಸಿಗುವುದು ಕೊಳ್ಳುವ ದರದ ಅರ್ಧ. ಕೊಟೇಶನ್ ಎಲ್ಲವನ್ನೂ ಪೂರ್ತಿ ದರಕ್ಕೆ ಎಣಿಸಿತ್ತು. ಹಾಗಾದರೆ ಹಗಲಲ್ಲಿ ನಾನು ಬಳಸುವುದೆಷ್ಟು? ಹಳೆಯ ಬಿಲ್‌ಗಳನ್ನು ಎಷ್ಟು ತಿರುವಿದರೂ ಇದಕ್ಕೆ ಉತ್ತರವಿಲ್ಲ. ಅವು ತಿಂಗಳ ಮೊತ್ತ ಹೇಳುತ್ತವೆ, ಗಂಟೆ ಹೇಳುವುದಿಲ್ಲ.

ಅದಕ್ಕೇ ಒಂದಷ್ಟು ದಿನ ಬೆಳಿಗ್ಗೆ 8ಕ್ಕೂ ಸಂಜೆ 5ಕ್ಕೂ ಮೀಟರ್ ಓದಿ ಬರೆದಿಟ್ಟೆ. ರಜೆಯ ದಿನಗಳೂ ಅದರಲ್ಲಿರಬೇಕು, ಮನೆಮಂದಿ ಹಗಲಲ್ಲಿ ಮನೆಯಲ್ಲಿದ್ದರೆ ಚಿತ್ರವೇ ಬೇರೆ. ದಿನಕ್ಕೆ ಸರಾಸರಿ 10 ಯೂನಿಟ್‌ನಲ್ಲಿ ಹಗಲಿನ ಪಾಲು 4. ಅಂದರೆ ವರ್ಷಕ್ಕೆ 1,460 ಯೂನಿಟ್‌ಗೆ ಪೂರ್ತಿ ಬೆಲೆ. ಉಳಿದ 2,740ಕ್ಕೆ ಅರ್ಧ, ಅಂದರೆ 1,370. ಕೂಡಿದರೆ 2,830. 22,500ನ್ನು ಇದರಿಂದ ಭಾಗಿಸಿ: 8 ವರ್ಷಕ್ಕೆ ಸ್ವಲ್ಪವೇ ಕಡಿಮೆ. ಇದನ್ನು ತೋರಿಸಿದಾಗ ಮಾರಾಟಗಾರರು, ‘ವಿದ್ಯುತ್ ದರ ವರ್ಷಾವರ್ಷ ಏರುತ್ತದಲ್ಲ ಸಾರ್’ ಅಂದರು. ಏರಬಹುದು. ಏರಿದರೆ ನನಗೆ ಲಾಭ, ಆದರೆ ಅದನ್ನು ನಂಬಿ ಚೆಕ್ ಬರೆಯಲಾರೆ.

8 ವರ್ಷಕ್ಕೂ ಒಪ್ಪಿದ್ದು ಯಾಕೆಂದರೆ ಹಣ ಉಳಿತಾಯದ್ದು, ಸಾಲವಲ್ಲ. ಪ್ಯಾನೆಲ್‌ಗೆ 25 ವರ್ಷದ ವಾರಂಟಿ ಇದೆ. ಬಡ್ಡಿ ಕಟ್ಟಿಕೊಂಡು ಹಾಕಿಸಬೇಕಿದ್ದರೆ ಕೈ ಹಾಕುತ್ತಿರಲಿಲ್ಲ.

ಇನ್ನು ನಾನು ಎಣಿಸಿರದ ಖುಷಿಯ ವಿಷಯ. ಹೊಸ ಮೀಟರ್‌ನ ಪರದೆ ಹೊರಳುತ್ತಾ ಇರುತ್ತದೆ. 1.8.0 ಬಂದಾಗ ತೋರುವುದು ಗ್ರಿಡ್‌ನಿಂದ ಕೊಂಡದ್ದು, 2.8.0 ಬಂದಾಗ ಗ್ರಿಡ್‌ಗೆ ಕೊಟ್ಟದ್ದು. ಸಂಜೆ ಕಾಫಿ ಲೋಟ ಹಿಡಿದು ಅದರ ಮುಂದೆ ನಿಲ್ಲುವುದು ಅಭ್ಯಾಸವಾಗಿಬಿಟ್ಟಿದೆ. ಇನ್ವರ್ಟರ್ ಆ್ಯಪ್‌ನಲ್ಲಿ ಇವತ್ತಿನ ಉತ್ಪಾದನೆ ನೋಡಿ ಅದರಿಂದ 2.8.0ರ ಏರಿಕೆ ಕಳೆದರೆ ನಾವೇ ಬಳಸಿಕೊಂಡದ್ದು ಸಿಗುತ್ತದೆ. ಈ ಸಂಖ್ಯೆ ಬಿಲ್‌ನಲ್ಲಿ ಎಲ್ಲೂ ಬರುವುದಿಲ್ಲ. ಬಿಲ್ ಮಾತ್ರ ನೋಡುವವರು ‘ಸೋಲಾರ್‌ನಿಂದ ಉಳಿತಾಯವೇ ಇಲ್ಲ’ ಎಂದು ಗೊಣಗುವುದು ಇದಕ್ಕೇ.

ಆ ಸಂಖ್ಯೆ ಕಣ್ಣಿಗೆ ಬೀಳತೊಡಗಿದ ಮೇಲೆ ಮನೆಯ ದಿನಚರಿ ತಾನಾಗಿ ಸರಿಯಿತು. ರಾತ್ರಿ ಓಡುತ್ತಿದ್ದ ವಾಷಿಂಗ್ ಮೆಷಿನ್ ಈಗ ಹನ್ನೊಂದಕ್ಕೆ, ಪಂಪು ಅದು ನಿಂತ ಮೇಲೆ, ಇಸ್ತ್ರಿ ಆಮೇಲೆ. ಒಂದರ ಹಿಂದೆ ಒಂದು ಅನ್ನುವುದು ಮುಖ್ಯ. ಆ ಕ್ಷಣ ಪ್ಯಾನೆಲ್ 2 ಕಿಲೋವ್ಯಾಟ್ ಕೊಡುತ್ತಿರುವಾಗ ಮೂರನ್ನೂ ಒಟ್ಟಿಗೆ ಹಾಕಿ ಮೂರೂವರೆ ಎಳೆದರೆ, ಮೇಲಿನ ಒಂದೂವರೆ ಗ್ರಿಡ್‌ನಿಂದ ಪೂರ್ತಿ ದರಕ್ಕೆ ಬರುತ್ತದೆ. ಮೋಡದ ದಿನ ಮನೆಯಾಕೆ, ‘ಇವತ್ತು ಬಟ್ಟೆ ಬೇಡ ಬಿಡಿ’ ಅನ್ನುತ್ತಾಳೆ. ಒಣಗುವುದಿಲ್ಲ ಅಂತಲೋ ಯೂನಿಟ್ ಉಳಿಸಲೋ, ನಾನು ಕೇಳಲು ಹೋಗಿಲ್ಲ.

ಕಳೆದ ವರ್ಷದ ಲೆಕ್ಕ: ಉತ್ಪಾದನೆ 4,200ರ ಆಸುಪಾಸು, ಗ್ರಿಡ್‌ಗೆ ಕೊಟ್ಟದ್ದು 2,300, ನಾವು ಬಳಸಿದ್ದು 1,900. ಬೆಲೆ ಕಟ್ಟಿದರೆ 1,900ಕ್ಕೆ 1,150 ಕೂಡಿ 3,050. ಅವಧಿ 7 ವರ್ಷ 5 ತಿಂಗಳಿಗೆ ಇಳಿಯಿತು. ಬಟ್ಟೆ ಒಗೆಯುವ ಹೊತ್ತು ಬದಲಿಸಿದ್ದಕ್ಕೆ ಅರ್ಧ ವರ್ಷ! ಪ್ಯಾನೆಲ್‌ಗಳು ವರ್ಷಕ್ಕೆ ಸುಮಾರು 0.5% ಸೊರಗುತ್ತವೆ, ಅದಕ್ಕೆ ಒಂದೆರಡು ತಿಂಗಳು ಸೇರಿಸಿಕೊಳ್ಳಿ. ಇನ್ವರ್ಟರ್ 10–15 ವರ್ಷಕ್ಕೆ ಬದಲಿಸಬೇಕಾಗಬಹುದು. ಅದು ಅಸಲು ಬಂದ ಮೇಲಿನ ಖರ್ಚು, ಲಾಭದಲ್ಲಿ ಕಳೆಯಬೇಕು. ಒಂದು ಕಿರಿಕಿರಿ: ಕರೆಂಟ್ ಹೋದರೆ ಸುಡುಬಿಸಿಲಲ್ಲೂ ಇದು ನಿಂತುಬಿಡುತ್ತದೆ. ಲೈನ್ ಮೇಲೆ ಕೆಲಸ ಮಾಡುವವರ ಜೀವಕ್ಕಾಗಿ ಇರುವ ಏರ್ಪಾಡು, ಆದ್ದರಿಂದ ಬೈಯುವಂತಿಲ್ಲ. ಕೊಟೇಶನ್‌ನಲ್ಲಿ ಒಂದು ಸಾಲು ಬರೆಯಬಹುದಿತ್ತು.

ಈಗ ಅದೇ ಮಾರಾಟಗಾರರು ಬ್ಯಾಟರಿಗೆ ಕೊಟೇಶನ್ ಕಳಿಸಿದ್ದಾರೆ. ಬೆಲೆಯನ್ನು ಯೂನಿಟ್‌ಗೆ ತಿರುಗಿಸಿದರೆ 15,000. ದಿನಕ್ಕೆ 5 ಯೂನಿಟ್ ತುಂಬಿದರೆ ರಾತ್ರಿ ನಾಲ್ಕೂವರೆ ವಾಪಸ್ ಬರುತ್ತದೆ. ಆದರೆ ಆ 5ನ್ನು ಗ್ರಿಡ್‌ಗೆ ಕೊಟ್ಟಿದ್ದರೂ ಎರಡೂವರೆಯ ಬೆಲೆ ಸಿಗುತ್ತಿತ್ತು. ನಿಜವಾದ ಗಳಿಕೆ ದಿನಕ್ಕೆ 2, ವರ್ಷಕ್ಕೆ 730. ಹಾಕಿದ್ದು ಬರಲು 20 ವರ್ಷ ದಾಟಬೇಕು, ಬ್ಯಾಟರಿಯ ವಾರಂಟಿ 10. ಅವರ ಪುಟದಲ್ಲಿ ಇದಕ್ಕೂ ದಪ್ಪಕ್ಷರದಲ್ಲಿ 6 ವರ್ಷ ಅಂತಿದೆ. ಹೇಗೆ ಬಂತು ಅಂತ ಕೇಳಿ ಬರೆದಿದ್ದೇನೆ, ಉತ್ತರ ಬಂದಿಲ್ಲ.