ಹದಿನಾರು ತಿಂಗಳು ಬಳಸಿದ ಸ್ಟೇಟ್‌ಮೆಂಟ್ ಓದುವ ಆ್ಯಪ್: ಎರಡು ಅಕ್ಷರಗಳ ತಕರಾರು

ಪ್ರತಿ ತಿಂಗಳು 18ಕ್ಕೆ ನಮ್ಮ ಕ್ರೆಡಿಟ್ ಕಾರ್ಡಿನ ಬಿಲ್ ಸಿದ್ಧವಾಗುತ್ತದೆ. ನಾಲ್ಕೈದು ದಿನಗಳಲ್ಲಿ ಅದರ ಕಾಗದದ ಪ್ರತಿ ಅಂಚೆಯಲ್ಲಿ ಮನೆಗೆ ಬರುತ್ತದೆ. ಇಮೇಲಿನಲ್ಲೂ ಒಂದು ಪ್ರತಿ ಬರುತ್ತದೆಯಾದರೂ ಅದಕ್ಕೆ ಪಾಸ್‌ವರ್ಡಿನ ಬೀಗ ಇರುವುದರಿಂದ ಈ ಆ್ಯಪ್ ಅದನ್ನು ತೆರೆಯುವುದಿಲ್ಲ. ಹೀಗಾಗಿ ಕಾಗದವನ್ನೇ ಫೋಟೊ ತೆಗೆದು ಕೊಡುವುದು ನನಗೆ ಅಭ್ಯಾಸವಾಯಿತು. ಭಾನುವಾರ ಬೆಳಿಗ್ಗೆ ಕಾಫಿಯಾದ ಮೇಲೆ, ಕಿಟಕಿಯ ಪಕ್ಕದ ಮೇಜಿನ ಮೇಲೆ ಹಾಳೆಯನ್ನು ಹರಡಿ, ಮಡಿಕೆಗಳು ಏಳದಂತೆ ಮೇಲೆ ಕೆಳಗೆ ಒಂದೊಂದು ಸ್ಟೀಲ್ ಅಳತೆಪಟ್ಟಿ ಇಟ್ಟು, ಹೆಸರು, ವಿಳಾಸ ಮತ್ತು ಕಾರ್ಡಿನ ಸಂಖ್ಯೆ ಇರುವ ಭಾಗವನ್ನು ದಪ್ಪ ಕಾಗದದ ಪಟ್ಟಿಯಿಂದ ಮುಚ್ಚಿ ಫೋಟೊ ತೆಗೆಯುತ್ತೇನೆ. ಕಾಗದದ ಪಟ್ಟಿಯನ್ನು ಇಡುವುದು ಯಾರೋ ಹೇಳಿಕೊಟ್ಟದ್ದಲ್ಲ. ಖರ್ಚಿನ ಲೆಕ್ಕ ಹಾಕಲು ಆ ವಿವರಗಳ ಅಗತ್ಯವೇ ಇಲ್ಲ ಎಂದ ಮೇಲೆ ಅವನ್ನು ಏಕೆ ಕೊಡಬೇಕು ಎನ್ನುವುದು ನನ್ನ ನಿಲುವು.

ಆ್ಯಪ್ ಅರ್ಧ ನಿಮಿಷದಲ್ಲಿ ಸಾಲುಗಳನ್ನು ಓದಿ ಖರೀದಿ, ಶುಲ್ಕ, ಬಡ್ಡಿ, ಪಾವತಿ ಎಂಬ ನಾಲ್ಕು ಗುಂಪುಗಳಿಗೆ ಹಂಚುತ್ತದೆ. ವರ್ಷಕ್ಕೆ 600 ರೂಪಾಯಿ ಚಂದಾ. ನನ್ನಂತೆ ಒಂದೇ ಕಾರ್ಡ್ ಇಟ್ಟುಕೊಂಡು, ತಿಂಗಳಿಗೆ ಹದಿನೈದು ಇಪ್ಪತ್ತು ಸಾಲುಗಳ ಬಿಲ್ ಬರುವವರಿಗೆ ಇದು ಕಡಿಮೆ ಬೆಲೆಯೇನಲ್ಲ. ಆದರೂ ಹಣ ಕೊಟ್ಟದ್ದಕ್ಕೆ ಒಂದು ಕಾರಣವಿತ್ತು. ಬಿಲ್ಲಿನಲ್ಲಿ ದಪ್ಪ ಅಕ್ಷರಗಳಲ್ಲಿ ಇರುವ 'ಒಟ್ಟು ಬಾಕಿ' ಎಂಬ ಮೊತ್ತವನ್ನೇ ನಾವು ಹಲವು ವರ್ಷ ತಿಂಗಳ ಖರ್ಚು ಎಂದು ಡೈರಿಯಲ್ಲಿ ಬರೆದುಕೊಂಡಿದ್ದೆವು. ಅದು ಖರ್ಚಲ್ಲ. ಹಿಂದಿನ ತಿಂಗಳಿಂದ ಉಳಿದ ಬಾಕಿ ಅದರೊಳಗೆ ಸೇರಿರುತ್ತದೆ, ನಾವು ಕಟ್ಟಿದ ಹಣ ಅದರಿಂದ ಕಳೆದಿರುತ್ತದೆ. ಬಾಕಿಯನ್ನು ಪ್ರತಿ ಸಲ ಪೂರ್ತಿ ತೀರಿಸುವವರಿಗೆ ಎರಡೂ ಹೆಚ್ಚುಕಡಿಮೆ ಒಂದೇ ಆಗಬಹುದು. ಒಮ್ಮೆ ಭಾಗಶಃ ಕಟ್ಟಿದರೆ ಎರಡೂ ದೂರವಾಗುತ್ತವೆ.

ಕಳೆದ ವರ್ಷ ಮಗಳ ಕಾಲೇಜು ಸೇರ್ಪಡೆಯ ತಿಂಗಳಲ್ಲಿ ನಮಗೆ ಆದದ್ದು ಅದೇ. ಹಿಂದಿನ ಬಾಕಿ 24,360 ರೂಪಾಯಿ ಇತ್ತು, ಗಡುವಿನೊಳಗೆ 20,000 ಮಾತ್ರ ಕಟ್ಟಲು ಸಾಧ್ಯವಾಯಿತು. ಮುಂದಿನ ಬಿಲ್ಲಿನಲ್ಲಿದ್ದ ಖರೀದಿಗಳು ಇಷ್ಟು: ದಿನಸಿ 3,480, ಔಷಧಿ 1,260, ಪೆಟ್ರೋಲ್ 1,500, ಇಂಟರ್‌ನೆಟ್ 943, ಮತ್ತು ಆನ್‌ಲೈನಿನಲ್ಲಿ ತರಿಸಿದ 2,850 ರೂಪಾಯಿಯ ಒಂದು ಸೀರೆ. ಸೀರೆಯ ಬಣ್ಣ ಚಿತ್ರದಲ್ಲಿ ಕಂಡಂತೆ ಇರಲಿಲ್ಲವಾದ್ದರಿಂದ ಹಿಂತಿರುಗಿಸಿದೆವು, ಹಣ ಅದೇ ತಿಂಗಳು ಕಾರ್ಡಿಗೆ ಮರಳಿತು. ಇವುಗಳ ಜೊತೆಗೆ 1,200 ರೂಪಾಯಿ ಬಡ್ಡಿ, ಪೆಟ್ರೋಲಿನ ಮೇಲೆ 15 ರೂಪಾಯಿ ಸರ್‌ಚಾರ್ಜ್, ಅದೇ 15 ರೂಪಾಯಿಯ ವಿನಾಯಿತಿ, ಮತ್ತು 218 ರೂಪಾಯಿ 70 ಪೈಸೆ ಜಿಎಸ್‌ಟಿ. ಕೊನೆಗೆ ಅಚ್ಚಾಗಿದ್ದ ಒಟ್ಟು ಬಾಕಿ 12,961.70.

ಉಳಿದದ್ದು 4,360 ಮಾತ್ರ, ಬಡ್ಡಿ 1,200 ಹೇಗಾಯಿತು ಎಂದು ನನ್ನ ಪತಿ ಕೇಳಿದರು. ತಿಂಗಳಿಗೆ 3.5 ಶೇಕಡದಂತೆ 4,360ಕ್ಕೆ ಬಡ್ಡಿ 152.60 ಆಗಬೇಕಲ್ಲವೇ ಎನ್ನುವುದು ಅವರ ಲೆಕ್ಕ. ಪೂರ್ತಿ ಕಟ್ಟದೆ ಹೋದಾಗ ಬಡ್ಡಿಯಿಲ್ಲದ ಅವಧಿಯೇ ರದ್ದಾಗುತ್ತದೆ. ಪ್ರತಿ ಖರೀದಿಯ ದಿನದಿಂದ 20,000 ಕಟ್ಟಿದ ದಿನದವರೆಗೆ ಪೂರ್ತಿ 24,360ರ ಮೇಲೆ, ಅಲ್ಲಿಂದ ಮುಂದೆ ಉಳಿದ 4,360ರ ಮೇಲೆ, ಜೊತೆಗೆ ಈ ತಿಂಗಳ ಹೊಸ ಖರೀದಿಗಳ ಮೇಲೂ ಅವು ನಡೆದ ದಿನದಿಂದಲೇ ಬಡ್ಡಿ ಬೀಳುತ್ತದೆ. ಬಡ್ಡಿಯನ್ನು ಖರೀದಿಗಳ ಮಧ್ಯೆ ಕಳೆದುಹೋಗಲು ಬಿಡದೆ ಬೇರೆ ಗುಂಪಿಗೆ ಎತ್ತಿಟ್ಟು ತೋರಿಸಿದ್ದಕ್ಕಾಗಿ ಆ ದಿನ ಆ್ಯಪ್ ಬಗ್ಗೆ ನನಗೆ ನಿಜವಾಗಿಯೂ ಕೃತಜ್ಞತೆ ಅನಿಸಿತು.

ಆದರೆ ಅದೇ ದಿನ ಅದರ ದೊಡ್ಡ ದೋಷವೂ ಕಣ್ಣಿಗೆ ಬಿತ್ತು. ನಮ್ಮ ಬಿಲ್ಲಿನಲ್ಲಿ ಜಮಾ ಮತ್ತು ಖರ್ಚು ಎರಡೂ ಒಂದೇ ಅಂಕಣದಲ್ಲಿ ಬರುತ್ತವೆ. ಜಮಾ ಆದ ಮೊತ್ತದ ಮುಂದೆ ಸಣ್ಣದಾಗಿ, ಮಾಸಲು ಬಣ್ಣದಲ್ಲಿ, Cr ಎಂಬ ಎರಡು ಅಕ್ಷರಗಳು ಇರುತ್ತವೆ. ಎರಡನ್ನೂ ಬೇರ್ಪಡಿಸಲು ಇರುವ ಗುರುತು ಅದೊಂದೇ. ಹಾಳೆಯ ಬಲ ಅಂಚಿಗೆ ನನ್ನ ಕೈಯ ನೆರಳು ಬಿದ್ದಿತ್ತು. ಅಂಕಿಗಳು ದಪ್ಪಗಿದ್ದುದರಿಂದ ಆ್ಯಪ್ ಅವನ್ನು ಸರಿಯಾಗಿ ಓದಿತು, ಸೀರೆಯ ಸಾಲಿನ Cr ಮಾತ್ರ ಅದಕ್ಕೆ ಕಾಣಲಿಲ್ಲ. ಮರಳಿ ಬಂದ 2,850 ರೂಪಾಯಿ ಎರಡನೆಯ ಸೀರೆಯ ಖರೀದಿಯಾಯಿತು. ಪಟ್ಟಿಯಲ್ಲಿ ಒಂದೇ ಅಂಗಡಿಯ ಹೆಸರು, ಒಂದೇ ಮೊತ್ತ, ಎರಡು ಸಾಲು. ತಪ್ಪಾಗಿದೆ ಎಂದು ಯಾರಿಗೂ ಅನಿಸದಷ್ಟು ಸಹಜವಾಗಿ ಅದು ಕುಳಿತಿತ್ತು. ಕಟ್ಟಿದ 20,000ವನ್ನು ಖರೀದಿ ಎಂದು ಓದಿದ್ದರೆ ನಮಗೆ ತಕ್ಷಣ ಗೊತ್ತಾಗುತ್ತಿತ್ತು. ಅಪಾಯವಿರುವುದು ಚಿಕ್ಕ ಜಮಾಗಳಲ್ಲಿ.

ನನ್ನ ಮುಖ್ಯ ಅಸಮಾಧಾನ ಇದು: ತಪ್ಪು ಓದಿದ್ದಕ್ಕಿಂತ, ಓದಿದ್ದನ್ನು ಅದೇ ಹಾಳೆಯೊಂದಿಗೆ ತಾಳೆ ನೋಡದೆ ಇದ್ದದ್ದು. ತಾಳೆ ನೋಡಲು ಬೇಕಾದದ್ದೆಲ್ಲ ಬಿಲ್ಲಿನ ಮೇಲೆಯೇ ಅಚ್ಚಾಗಿರುತ್ತದೆ. ಹಿಂದಿನ ಬಾಕಿಗೆ ಖರೀದಿ, ಶುಲ್ಕ, ಬಡ್ಡಿ, ತೆರಿಗೆಗಳನ್ನು ಕೂಡಿಸಿ, ಪಾವತಿ ಮತ್ತು ಇತರ ಜಮಾಗಳನ್ನು ಕಳೆದರೆ ಒಟ್ಟು ಬಾಕಿ ಬರಲೇಬೇಕು. ಆ್ಯಪ್ ಓದಿದಂತೆ ಕೂಡಿದಾಗ ನನಗೆ ಬಂದದ್ದು 18,661.70, ಅಚ್ಚಾಗಿದ್ದಕ್ಕಿಂತ 5,700 ಹೆಚ್ಚು. 5,700 ಎಂಬ ಮೊತ್ತ ಬಿಲ್ಲಿನಲ್ಲಿ ಎಲ್ಲಿಯೂ ಇರಲಿಲ್ಲ, ಅದರ ಅರ್ಧವಾದ 2,850 ಇತ್ತು. ಕಳೆಯಬೇಕಾದ ಮೊತ್ತವನ್ನು ಕೂಡಿದರೆ ವ್ಯತ್ಯಾಸ ಯಾವಾಗಲೂ ಆ ಮೊತ್ತದ ಎರಡರಷ್ಟು ಆಗುತ್ತದೆ. ಅಂದಿನಿಂದ ಲೆಕ್ಕ ತಾಳೆಯಾಗದಿದ್ದಾಗ ಮೊದಲು ವ್ಯತ್ಯಾಸವನ್ನು ಅರ್ಧ ಮಾಡಿ, ಆ ಮೊತ್ತದ ಸಾಲನ್ನು ಹುಡುಕುತ್ತೇನೆ.

ಮುಂದಿನ ತಿಂಗಳುಗಳಲ್ಲಿ ಇನ್ನೂ ಎರಡು ಬಗೆಯ ತಪ್ಪುಗಳ ಪರಿಚಯವಾಯಿತು. ಬಿಲ್ ಎರಡು ಹಾಳೆಗಳಿಗೆ ಹರಿದಾಗ, ಮೊದಲ ಫೋಟೊದ ಕೊನೆಯ ಸಾಲು ಎರಡನೆಯ ಫೋಟೊದ ಆರಂಭದಲ್ಲೂ ಸಿಕ್ಕಿದರೆ ಅದು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಮಡಿಕೆಯಲ್ಲಿ ಸಿಕ್ಕಿಬಿದ್ದ ಸಾಲು ಪೂರ್ತಿ ಬಿಟ್ಟುಹೋಗುತ್ತದೆ. ಆಗ ವ್ಯತ್ಯಾಸ ಆ ಸಾಲಿನ ಮೊತ್ತಕ್ಕೆ ಸರಿಯಾಗಿ ಸಮವಾಗಿರುತ್ತದೆ. ಇನ್ನೊಂದು, ಪೈಸೆಯ ಮುಂಚಿನ ಚುಕ್ಕಿ ಕಾಣದೆ 943.00 ಎಂಬುದು 94,300 ಆಗುವುದು. ಮೊತ್ತ ನೂರು ಪಟ್ಟಾಗುವುದರಿಂದ ವ್ಯತ್ಯಾಸ ಮೂಲ ಮೊತ್ತದ 99ರಷ್ಟಿರುತ್ತದೆ: 93,357ನ್ನು 99ರಿಂದ ಭಾಗಿಸಿದರೆ 943 ಸಿಗುತ್ತದೆ. ಕಾಗದವನ್ನು ಬೆಳಕಿಗೆ ಸರಿಯಾಗಿ ಒಡ್ಡಿ, ನೆರಳು ಬೀಳದಂತೆ ನೇರ ಮೇಲಿನಿಂದ ಫೋಟೊ ತೆಗೆಯಲು ಕಲಿತ ಮೇಲೆ ಈ ತಪ್ಪುಗಳು ಬಹಳ ಕಡಿಮೆಯಾಗಿವೆ.

ಒಟ್ಟು ಮೊತ್ತ ತಾಳೆಯಾಯಿತೆಂದರೆ ಗುಂಪುಗಳೂ ಸರಿಯಾಗಿವೆ ಎಂದು ತಿಳಿಯುವಂತಿಲ್ಲ. ಬಡ್ಡಿಯ ಸಾಲನ್ನು ಖರೀದಿಗೆ ಸೇರಿಸಿದರೂ ಮೊತ್ತ ಬದಲಾಗುವುದಿಲ್ಲ. ಇದಕ್ಕೆ ನಾನು ಜಿಎಸ್‌ಟಿಯನ್ನು ಆಶ್ರಯಿಸುತ್ತೇನೆ. ದಿನಸಿ, ಔಷಧಿಗಳ ತೆರಿಗೆ ಅಂಗಡಿಯ ಬಿಲ್ಲಿನಲ್ಲೇ ಮುಗಿದಿರುತ್ತದೆ. ಕಾರ್ಡಿನ ಬಿಲ್ಲಿನಲ್ಲಿ ಬೇರೆಯಾಗಿ ಕಾಣುವ ಜಿಎಸ್‌ಟಿ, ಬ್ಯಾಂಕ್ ಹಾಕಿದ ಶುಲ್ಕ ಮತ್ತು ಬಡ್ಡಿಯ ಮೇಲಿನ 18 ಶೇಕಡ. ಆ ತಿಂಗಳ 218.70ನ್ನು 0.18ರಿಂದ ಭಾಗಿಸಿದರೆ 1,215 ಬರುತ್ತದೆ, ಅಂದರೆ 1,200 ಬಡ್ಡಿ ಮತ್ತು 15 ಸರ್‌ಚಾರ್ಜ್. ಆ್ಯಪ್ ತೋರಿಸುವ ಶುಲ್ಕ ಮತ್ತು ಬಡ್ಡಿಯ ಮೊತ್ತ ಇದಕ್ಕಿಂತ ಕಡಿಮೆಯಿದ್ದರೆ ಯಾವುದೋ ಶುಲ್ಕ ಖರೀದಿಯ ವೇಷದಲ್ಲಿ ಅಡಗಿದೆ ಎಂದರ್ಥ. ನಮ್ಮ ಕಾರ್ಡಿನ ವಾರ್ಷಿಕ ಶುಲ್ಕ ಸಿಕ್ಕಿದ್ದು ಹೀಗೆಯೇ. ಹಿಂದಿನ ತಿಂಗಳ ಶುಲ್ಕದ ತೆರಿಗೆ ಈ ತಿಂಗಳು ಬಂದಿದ್ದರೆ ಈ ಲೆಕ್ಕ ಹೊಂದುವುದಿಲ್ಲ. ಆಗ ಎರಡು ತಿಂಗಳ ಬಿಲ್‌ಗಳನ್ನು ಒಟ್ಟಿಗೆ ನೋಡಬೇಕು.

ಹೀಗೆ ತಿದ್ದಿದ ಮೇಲೆ ಆ ತಿಂಗಳ ನಿಜವಾದ ಖರ್ಚು ಗೊತ್ತಾಯಿತು. ಸೀರೆಯ ಹಣ ಕಳೆದು ಖರೀದಿ 7,183. ಸರ್‌ಚಾರ್ಜ್ ಮನ್ನಾ ಆದರೂ ಅದರ ಮೇಲಿನ 2 ರೂಪಾಯಿ 70 ಪೈಸೆ ತೆರಿಗೆ ಮರಳಲಿಲ್ಲ. ಅದನ್ನೂ ಸೇರಿಸಿ ಬ್ಯಾಂಕಿಗೆ ಹೋದದ್ದು 1,418.70. ಒಟ್ಟು 8,601.70. ಅಚ್ಚಾದ ಬಾಕಿಗೂ ಇದಕ್ಕೂ ಇರುವ ಅಂತರ ಸರಿಯಾಗಿ 4,360; ಅದು ಹಿಂದಿನ ತಿಂಗಳ ಖರ್ಚು, ಆ ತಿಂಗಳ ಪುಟದಲ್ಲಿ ಆಗಲೇ ಬರೆದಾಗಿತ್ತು.

ಇಎಂಐ ವಿಷಯದಲ್ಲಿ ಮಾತ್ರ ನನಗೂ ಆ್ಯಪಿಗೂ ಈಗಲೂ ಹೊಂದಾಣಿಕೆಯಿಲ್ಲ. ನಾವು 27,000 ರೂಪಾಯಿಯ ಫ್ರಿಜ್ ಕೊಂಡು ಅದನ್ನು ಕಂತಿಗೆ ಬದಲಿಸಿದಾಗ, ಬಿಲ್ಲಿನಲ್ಲಿ ಮೊದಲು 27,000 ಖರೀದಿ, ಆಮೇಲೆ ಅಷ್ಟೇ ಮೊತ್ತದ ಜಮಾ, ನಂತರ ತಿಂಗಳು ತಿಂಗಳೂ ಅಸಲು, ಬಡ್ಡಿ, ಬಡ್ಡಿಯ ಮೇಲಿನ ಜಿಎಸ್‌ಟಿ ಎಂಬ ಸಾಲುಗಳು ಬಂದವು. ಆ್ಯಪ್ ಜಮಾವನ್ನು ರೀಫಂಡ್ ಎಂದು ಬಗೆದು ಫ್ರಿಜ್ಜನ್ನು ಖರ್ಚಿನಿಂದಲೇ ಅಳಿಸಿ, ಪ್ರತಿ ತಿಂಗಳ ಅಸಲನ್ನು ಹೊಸ ಖರೀದಿ ಎಂದು ಬರೆಯುತ್ತದೆ. ಕಂತಿನಂತೆ ಬಜೆಟ್ ಹಾಕುವವರಿಗೆ ಅದು ಸರಿಯೆನಿಸಬಹುದು. ನನ್ನ ಡೈರಿಯಲ್ಲಿ ಫ್ರಿಜ್ ಮನೆಗೆ ಬಂದ ತಿಂಗಳಿನಲ್ಲೇ 27,000 ಖರ್ಚಾಗಿದೆ. ಆಮೇಲಿನ ಅಸಲು ಸಾಲ ತೀರಿಸುವ ಹಣ, ಬಡ್ಡಿ ಮತ್ತು ತೆರಿಗೆ ಮಾತ್ರ ಹೊಸ ಖರ್ಚು. ಇದನ್ನು ಆಯ್ದುಕೊಳ್ಳುವ ಅವಕಾಶ ಬಳಸುವವರಿಗೆ ಇರಬೇಕಿತ್ತು. ಈಗ ಪ್ರತಿ ತಿಂಗಳು ಒಂದು ಸಾಲನ್ನು ಕೈಯಿಂದ ಗುಂಪು ಬದಲಿಸುತ್ತೇನೆ.

ಎರಡನೆಯ ವರ್ಷಕ್ಕೂ 600 ರೂಪಾಯಿ ಕಟ್ಟಿದ್ದೇನೆ, ಏಕೆಂದರೆ ಸಾಲುಗಳನ್ನು ಟೈಪ್ ಮಾಡುವ ಕೆಲಸ ತಪ್ಪಿದೆ ಮತ್ತು ಗುಂಪು ಮಾಡಿದ ಪಟ್ಟಿ ಕಣ್ಣಿಗೆ ಹಿತವಾಗಿದೆ. ತಯಾರಕರಿಗೆ ಬರೆದ ಪತ್ರದಲ್ಲಿ ಕೇಳಿದ್ದು ಒಂದನ್ನೇ: ಓದಿ ಮುಗಿಸಿದ ಕೂಡಲೇ, ತಾನು ಕೂಡಿದ ಬಾಕಿಯನ್ನೂ ಹಾಳೆಯಲ್ಲಿ ಅಚ್ಚಾದ ಬಾಕಿಯನ್ನೂ ಅಕ್ಕಪಕ್ಕದಲ್ಲಿ ತೋರಿಸಲಿ. ಅದು ಬರುವವರೆಗೆ ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಆ ಕೂಡುವ ಕಳೆಯುವ ಲೆಕ್ಕವನ್ನು ನಾನೇ ಮಾಡಿ, ತಾಳೆಯಾದ ಬಿಲ್ಲಿಗೆ ದಿನಾಂಕ ಹಾಕಿ ಫೈಲಿಗೆ ಸೇರಿಸುತ್ತಿದ್ದೇನೆ.