ಒಂದೇ ಪೇಂಟ್, ಉಡುಪಿಯ ಮಳೆ, ಕಲಬುರಗಿಯ ಬಿಸಿಲು: ಎರಡನೇ ಕೋಟ್‌ಗೆ ಎಷ್ಟು ಕಾಯಬೇಕು?

ಈ ಇಂಟೀರಿಯರ್ ಎಮಲ್ಷನ್ ನಮ್ಮ ಎರಡು ಮನೆಗಳ ಗೋಡೆ ಮೇಲಿದೆ. ನನ್ನ ತವರು ಉಡುಪಿ ಹತ್ತಿರ. ಅಲ್ಲಿ ಅಣ್ಣನ ಮಗಳ ಮದುವೆ ಹತ್ತಿರ ಬಂದಿತ್ತು, ಹಾಗಾಗಿ ಜುಲೈ ಮಳೆಯಲ್ಲೇ ಬಳಿಸಬೇಕಾಯಿತು. ಗಂಡನ ಮನೆ ಕಲಬುರಗಿ. ಇಲ್ಲಿ ಬಳಿಸಿದ್ದು ಏಪ್ರಿಲ್ ಬಿಸಿಲಲ್ಲಿ. ಎರಡೂ ಕಡೆ ಅದೇ ಕಂಪನಿ, ಅದೇ ದರ್ಜೆ, ಅದೇ 20 ಲೀಟರ್ ಬಕೆಟ್. ಶೇಡ್, ಹೊಳಪು, ವಾಸನೆ ಇದೆಲ್ಲ ನೀವು ಅಂಗಡಿಯಲ್ಲೇ ನೋಡಿರುತ್ತೀರಿ, ಅದರ ಬಗ್ಗೆ ನನಗೆ ದೂರಿಲ್ಲ. ನನ್ನ ಮಾತೆಲ್ಲ ಬಕೆಟ್ ಮೇಲಿನ ಒಂದು ಸಾಲಿನ ಬಗ್ಗೆ: "ಮರುಕೋಟ್: 4ರಿಂದ 6 ಗಂಟೆ".

ತವರಿನ ಪೇಂಟರ್ ಈ ಸಾಲನ್ನೇ ನಂಬಿ ಕೆಲಸ ಮಾಡಿದರು. ಗುತ್ತಿಗೆ ಕೆಲಸ ಬೇರೆ. ಬೆಳಿಗ್ಗೆ ಮಲಗುವ ಕೋಣೆಗೆ ಮೊದಲ ಕೋಟ್, ಊಟ ಮುಗಿಸಿ ಬಂದು ಎರಡನೇದು. "ಒಣಗಿದೆ ಮಾರಾಯ್ರೆ, ಮುಟ್ಟಿ ನೋಡಿ" ಅಂದರು. ಮುಟ್ಟಿದರೆ ಕೈಗೆ ಬಣ್ಣ ಹತ್ತುತ್ತಿರಲಿಲ್ಲ, ಅದು ನಿಜ. ಆದರೆ ರೋಲರ್ ಎರಡನೇ ಸಲ ಹೋದಾಗ ಕಿಟಕಿ ಕೆಳಗೆ ಮೊದಲ ಕೋಟ್ ಸಣ್ಣ ಸಣ್ಣ ಸಿಪ್ಪೆಯಾಗಿ ಎದ್ದು ರೋಲರ್‌ಗೆ ಅಂಟಿತು. ಅದರ ಮೇಲೆಯೇ ಇನ್ನಷ್ಟು ಬಣ್ಣ ಎಳೆದು ಮುಚ್ಚಿದರು. ಇವತ್ತಿಗೂ ಸಂಜೆ ಬೆಳಕು ಓರೆಯಾಗಿ ಬಿದ್ದಾಗ ಆ ಗೋಡೆಯಲ್ಲಿ ಒಂದು ಕಡೆ ಹೊಳಪು, ಒಂದು ಕಡೆ ಮಂಕು ಕಾಣುತ್ತದೆ. ಗೋಡೆಗೆ ಒತ್ತಿ ಇಟ್ಟಿದ್ದ ಕಪಾಟನ್ನು ಈಚೆಗೆ ಜರುಗಿಸಿದಾಗ ಅದರ ಅಂಚಿಗೆ ಬಣ್ಣದ ಪದರವೇ ಕಿತ್ತು ಬಂತು. ಪಕ್ಕದ ಹಾಲ್‌ಗೆ ಒಂದು ರಾತ್ರಿ ಪೂರ್ತಿ ಬಿಟ್ಟು ಎರಡನೇ ಕೋಟ್ ಕೊಟ್ಟಿದ್ದರು. ಅಲ್ಲಿ ಈ ಯಾವ ರಗಳೆಯೂ ಇಲ್ಲ. ಅದೇ ಬಕೆಟ್‌ನ ಬಣ್ಣ, ಅದೇ ಪೇಂಟರ್.

ಮೊದಲು ನನಗೆ ಪೇಂಟ್ ಮೇಲೆಯೇ ಕೋಪ ಬಂದಿತ್ತು. ಆಮೇಲೆ ಕಂಪನಿಯ ತಾಂತ್ರಿಕ ಮಾಹಿತಿ ಹಾಳೆ ತೆಗೆದು ಓದಿದೆ. ಅಲ್ಲಿ ಆ 4-6 ಗಂಟೆಯ ಪಕ್ಕ ಒಂದು ಷರತ್ತು ಇದೆ: 27 ಡಿಗ್ರಿ, ಎರಡು ಡಿಗ್ರಿ ಹೆಚ್ಚು ಕಡಿಮೆ, ಗಾಳಿಯಲ್ಲಿ ತೇವಾಂಶ ಶೇ. 60, ಐದು ಹೆಚ್ಚು ಕಡಿಮೆ. ಬಕೆಟ್ ಮೇಲೆ ಗಂಟೆ ಮಾತ್ರ ದಪ್ಪಕ್ಷರದಲ್ಲಿದೆ, ಷರತ್ತು ಇಲ್ಲ. ಜುಲೈನಲ್ಲಿ ಉಡುಪಿಯಲ್ಲಿ ಶೇ. 60 ತೇವಾಂಶ ಎಲ್ಲಿ ಸಿಗುತ್ತದೆ ಹೇಳಿ. ಮಳೆ ಹಿಡಿದ ದಿನ 90 ಅಂದರೆ ಮಾಮೂಲು.

ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿ ನೋಡಿದರೆ ಗೊತ್ತಾಗುತ್ತದೆ. ತೇವಾಂಶ 60 ಇದ್ದರೆ ಗಾಳಿಯಲ್ಲಿ ಇನ್ನೂ 40 ಪಾಲು ಜಾಗ ಖಾಲಿ ಇದೆ, ಗೋಡೆಯ ನೀರು ಅಲ್ಲಿಗೆ ಹೋಗಬೇಕು. 90 ಇದ್ದರೆ ಖಾಲಿ ಇರುವುದು 10 ಪಾಲು ಮಾತ್ರ. ಸೆಕೆ ಅಷ್ಟೇ ಇದ್ದು ಗಾಳಿ ಆಡದಿದ್ದರೆ ನೀರು ಆರುವ ವೇಗ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ 4 ಗಂಟೆ ಅನ್ನುವುದು ಅಂದಾಜು 16 ಗಂಟೆ ಆಗುತ್ತದೆ. ಇದು ಬರೀ ಅಂದಾಜು, ಫ್ಯಾನ್, ಗೋಡೆಯ ಪುಟ್ಟಿ, ಕೋಟ್‌ನ ದಪ್ಪ ಎಲ್ಲವೂ ಇದನ್ನು ಬದಲಿಸುತ್ತವೆ. ಆದರೂ ಹಾಲ್‌ನ ಗೋಡೆ ಒಂದು ರಾತ್ರಿ ಬಿಟ್ಟಿದ್ದಕ್ಕೆ ಯಾಕೆ ಚೆನ್ನಾಗಿದೆ ಅನ್ನುವುದಕ್ಕೆ ಇಷ್ಟು ಸಾಕು.

ಇನ್ನು ಮುಟ್ಟಿದರೆ ಹತ್ತುವುದಿಲ್ಲ ಅನ್ನುವ ಪರೀಕ್ಷೆ ಯಾಕೆ ಸಾಲದು? ಎಮಲ್ಷನ್ ಅಂದರೆ ನೀರಿನಲ್ಲಿ ತೇಲುವ ತುಂಬ ಸಣ್ಣ ಪ್ಲಾಸ್ಟಿಕ್ ಕಣಗಳು, ಜೊತೆಗೆ ಬಣ್ಣದ ಪುಡಿ. ನೀರು ಹೋದಂತೆ ಕಣಗಳು ಹತ್ತಿರ ಬಂದು, ಒಂದಕ್ಕೊಂದು ಒತ್ತಿ, ಬೆಸೆದು ಒಂದೇ ಪದರ ಆಗಬೇಕು. ಮೇಲ್ಮೈ ಮೊದಲು ಒಣಗುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ. ಆಗ ಎರಡನೇ ಕೋಟ್ ಬಳಿದರೆ ಅದರ ನೀರು ಕೆಳಗಿಳಿದು, ಬೆಸೆಯದ ಮೊದಲ ಕೋಟನ್ನು ಮತ್ತೆ ಮೆದು ಮಾಡುತ್ತದೆ. ರೋಲರ್ ಅದನ್ನು ಎತ್ತಿ ಬಿಡುತ್ತದೆ.

ಹಾಗಾಗಿ ನಾನು ಈಗ ಬೆರಳ ತುದಿಯನ್ನು ನಂಬುವುದಿಲ್ಲ. ಅಂಗೈ ಹಿಂಭಾಗವನ್ನು ಗೋಡೆಗೆ ಇಟ್ಟು ನೋಡುತ್ತೇನೆ. ನೀರು ಆರುತ್ತಿರುವ ಗೋಡೆ ತಣ್ಣಗಿರುತ್ತದೆ. ಪಕ್ಕದಲ್ಲಿ ಬಣ್ಣ ಬಳಿಯದ ಬಾಗಿಲು ಚೌಕಟ್ಟಿನ ಹತ್ತಿರದ ಗೋಡೆಗೂ ಕೈ ಇಟ್ಟು ಹೋಲಿಸುತ್ತೇನೆ. ಎರಡೂ ಒಂದೇ ಥರ ಅನ್ನಿಸಿದರೆ ಒಳಗಿನ ನೀರು ಬಹುಪಾಲು ಹೋಗಿದೆ ಅಂತ. ಆಮೇಲೆ ಹೆಬ್ಬೆರಳನ್ನು ಒತ್ತಿ ಸ್ವಲ್ಪ ತಿರುಗಿಸುತ್ತೇನೆ. ಬಣ್ಣ ಜರುಗಿದರೆ, ಅಂಟಿದ ಹಾಗೆ ಎಳೆದರೆ ಇನ್ನೂ ಕಾಯಬೇಕು. ಇದನ್ನು ಗೋಡೆಯ ಮಧ್ಯೆ ಮಾಡಿದರೆ ಪ್ರಯೋಜನವಿಲ್ಲ. ಮೂಲೆ, ಕಿಟಕಿ ಕೆಳಗೆ, ಬಚ್ಚಲಿಗೆ ತಾಗಿದ ಗೋಡೆ, ನೆಲದಿಂದ ಒಂದಡಿ ಎತ್ತರ: ಇಲ್ಲಿಯೇ ಕೊನೆಗೆ ಒಣಗುವುದು. ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಹೀಗೆ ಕೋಣೆಗೊಂದು ಸುತ್ತು ಹಾಕುವುದು ಆ ವಾರದ ರೂಢಿಯೇ ಆಗಿತ್ತು.

ಮಳೆಗಾಲದಲ್ಲಿ ಇನ್ನೊಂದು ಗಮನಿಸಬೇಕು. ಕಿಟಕಿ ತೆರೆದಿಟ್ಟರೆ ಒಣಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹೊರಗೆ ಮಳೆ ಸುರಿಯುತ್ತಿದ್ದರೆ ಒಳಗೆ ಬರುವುದು ನೀರು ತುಂಬಿದ ಗಾಳಿಯೇ ಅಲ್ವಾ? ಮಳೆ ಬಿಟ್ಟಾಗ, ಮಧ್ಯಾಹ್ನ ಸ್ವಲ್ಪ ಬಿಸಿಲು ಬಿದ್ದಾಗ ತೆರೆಯಿರಿ. ಸಂಜೆಯಿಂದ ಮುಚ್ಚಿ ಫ್ಯಾನ್ ಹಾಕಿ. ಎಸಿ ಇದ್ದರೆ ಅದರ ಡ್ರೈ ಮೋಡ್ ಚೆನ್ನಾಗಿ ಕೆಲಸ ಮಾಡುತ್ತದೆ. ನಾವು ಹಾಲ್‌ನಲ್ಲಿ ಬಣ್ಣದ ಕೆಲಸವನ್ನು ಮಧ್ಯಾಹ್ನದೊಳಗೆ ಮುಗಿಸುತ್ತಿದ್ದೆವು. ರಾತ್ರಿ ತಂಪಾದಂತೆ ತೇವಾಂಶ ಏರುತ್ತದೆ, ಅಷ್ಟರೊಳಗೆ ಮೇಲ್ಪದರ ಹಿಡಿದಿರಬೇಕು. 27 ಡಿಗ್ರಿಯಲ್ಲಿ 90 ತೇವಾಂಶ ಇದ್ದರೆ ಗೋಡೆ 25 ಡಿಗ್ರಿಗೆ ಇಳಿದರೂ ಬೆವರಲು ಶುರು. ಬೆವರಿದ ಗೋಡೆಗೆ ಬಣ್ಣ ಬೇಡವೇ ಬೇಡ.

ಬಚ್ಚಲಿನ ಪಕ್ಕದ ಗೋಡೆಯಲ್ಲಿ ಜೇನಿನ ಬಣ್ಣದ ಜಿಗುಟು ಹನಿಗಳು ಇಳಿದಿದ್ದವು. ಅಮ್ಮ ಗೋಡೆ ಸೋರುತ್ತಿದೆ ಅಂತ ಹೆದರಿದರು. ಅದು ಸೋರಿಕೆ ಅಲ್ಲ. ಪೇಂಟ್ ಒಳಗೆ ಸಾಬೂನಿನಂಥ ಪದಾರ್ಥ ಇರುತ್ತದೆ. ಬಣ್ಣ ತೀರಾ ನಿಧಾನವಾಗಿ ಒಣಗಿದರೆ ಅದು ನೀರಿನ ಜೊತೆ ಮೇಲೆ ಬರುತ್ತದೆ. ಪದರ ಗಟ್ಟಿಯಾದ ಮೇಲೆ ಬರೀ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ನಮ್ಮಲ್ಲೂ ಹೋಯಿತು. ಒರೆಸದೆ ಅದರ ಮೇಲೆ ಇನ್ನೊಂದು ಕೋಟ್ ಹಾಕಿದರೆ ಮಾತ್ರ ಬಣ್ಣ ಹಿಡಿಯುವುದಿಲ್ಲ.

ಕಲಬುರಗಿಗೆ ಬಂದ ಮೇಲೆ ಈ ಪೇಂಟ್ ಬಗ್ಗೆ ನನ್ನ ಮನಸ್ಸು ಸ್ವಲ್ಪ ತಿಳಿಯಾಯಿತು. ಇಲ್ಲಿಯ ಪೇಂಟರ್ ಮೊದಲೇ ಹೇಳಿದರು: "ಅಕ್ಕೋರೆ, ಇಲ್ಲಿ ಒಣಗೋದಲ್ರಿ ಚಿಂತಿ. ಒಣಗದಂಗ ಹಿಡಿಯೋದ ಚಿಂತಿ." ಅವರು ಹೇಳಿದ್ದು ಲೆಕ್ಕಕ್ಕೂ ಸರಿಹೊಂದುತ್ತದೆ. 40 ಡಿಗ್ರಿಯ ಗಾಳಿ 27 ಡಿಗ್ರಿಯ ಗಾಳಿಗಿಂತ ಎರಡು ಪಟ್ಟು ನೀರು ಹಿಡಿಯಬಲ್ಲದು. ತೇವಾಂಶ 20 ಇದ್ದರೆ ಅದರಲ್ಲಿ 80 ಪಾಲು ಖಾಲಿ. ಒಟ್ಟು ವೇಗ ಬಕೆಟ್ ಹೇಳುವುದಕ್ಕಿಂತ ಸುಮಾರು ನಾಲ್ಕು ಪಟ್ಟು. ಅರ್ಧ ಗಂಟೆಯಲ್ಲಿ ಮೇಲೆ ಒಣಗಬೇಕಾದ ಬಣ್ಣ ಏಳೆಂಟು ನಿಮಿಷಕ್ಕೆ ಒಣಗುತ್ತದೆ. ಒಂದು ಪಟ್ಟಿ ಎಳೆದು ಪಕ್ಕದ ಪಟ್ಟಿಗೆ ಬರುವಷ್ಟರಲ್ಲಿ ಹಿಂದಿನ ಅಂಚು ಒಣಗಿರುತ್ತದೆ. ಹಸಿ ಬಣ್ಣ ಒಣ ಅಂಚಿನ ಮೇಲೆ ಕೂತರೆ ಅಲ್ಲಿ ಗೆರೆ ಏಳುತ್ತದೆ.

ಆ ಪೇಂಟರ್ ಕೆಲಸ ನೋಡುವುದೇ ಒಂದು ಸಂತೋಷ. ಪಶ್ಚಿಮದ ಗೋಡೆ ಬೆಳಿಗ್ಗೆ ಮೊದಲು. ಯಾಕಂದರೆ ಸಂಜೆಗೆ ಅದು ಕಾದು ರಾತ್ರಿವರೆಗೂ ಬಿಸಿ ಇರುತ್ತದೆ. ಬಳಿಯುವಾಗ ಫ್ಯಾನ್ ಬಂದ್. ಒಬ್ಬರು ಬ್ರಷ್‌ನಲ್ಲಿ ಮೂಲೆ, ಅಂಚು ಬಿಡಿಸುತ್ತಾ ಸ್ವಲ್ಪ ಮುಂದೆ, ಇನ್ನೊಬ್ಬರು ಅದರ ಬೆನ್ನಿಗೇ ರೋಲರ್. ಒಂದು ಗೋಡೆ ಶುರು ಮಾಡಿದರೆ ಮೂಲೆ ಮುಟ್ಟುವವರೆಗೆ ನಿಲ್ಲಿಸುವಂತಿಲ್ಲ, ಚಹಾ ಬಂದರೂ. ಪುಟ್ಟಿ ಉಜ್ಜಿದ ದೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಪ್ರೈಮರ್ ಕೊಟ್ಟಿದ್ದರು. ಒಣ ಪುಟ್ಟಿ ಪೇಂಟ್‌ನ ನೀರನ್ನೆಲ್ಲ ಕುಡಿದುಬಿಟ್ಟರೆ ಕಣಗಳು ಬೆಸೆಯುವ ಮೊದಲೇ ಪದರ ಒಣಗಿ, ಮುಂದೆ ಕಪ್ಪು ಬಟ್ಟೆಯಿಂದ ಉಜ್ಜಿದರೆ ಪುಡಿ ಬರುತ್ತದೆ. ಬಣ್ಣ ಓಡಲಿ ಅಂತ ನೀರು ಜಾಸ್ತಿ ಸುರಿಯುವ ಆಸೆ ಇಲ್ಲಿ ಬರುತ್ತದೆ, ಅದು ಬೇಡ. ಬಕೆಟ್ ಹೇಳಿದ ಮಿತಿ ದಾಟಿದರೆ ಬಣ್ಣ ಗೋಡೆಯನ್ನು ಮುಚ್ಚುವುದಿಲ್ಲ.

ಬೇಗ ಒಣಗಿತು ಅಂತ ಇಲ್ಲಿ ಒಂದೇ ಗಂಟೆಗೆ ಎರಡನೇ ಕೋಟ್ ಹಾಕಬಹುದಾ? ನಾವು ಹಾಕಲಿಲ್ಲ, ಪೂರ್ತಿ 4 ಗಂಟೆ ಬಿಟ್ಟೆವು. ನೀರು ಹೋದ ಮೇಲೂ ಕಣಗಳನ್ನು ಬೆಸೆಯಲು ಸೇರಿಸಿದ ದ್ರಾವಕ ನಿಧಾನವಾಗಿಯೇ ಹೊರಡುತ್ತದೆ. ಬಿಸಿಲು ಅದನ್ನು ನೀರಿನಷ್ಟು ಬೇಗ ಓಡಿಸುವುದಿಲ್ಲ. ಹಾಗಾಗಿ ಒಣ ಹವೆಯಲ್ಲಿ 4 ಗಂಟೆ ಅನ್ನುವುದು ಕನಿಷ್ಠ, ಕರಾವಳಿ ಮಳೆಯಲ್ಲಿ ಅದಕ್ಕೆ ಅರ್ಥವೇ ಇಲ್ಲ. ಇಲ್ಲಿಯ ಗೋಡೆಯನ್ನು ಮಕ್ಕಳ ಕೈಗುರುತು ಹೋಗುವಷ್ಟು ಒರೆಸಿದ್ದೇನೆ, ಬಣ್ಣ ಅಲ್ಲಾಡಿಲ್ಲ.

ಖರ್ಚಿನ ಮಾತು. ಮಳೆಗಾಲದಲ್ಲಿ ಕೋಟ್‌ಗೊಂದು ದಿನ ಬಿಟ್ಟರೆ ಪೇಂಟರ್‌ಗೆ ಸುಮ್ನೆ ಕೂತ ದಿನದ ಕೂಲಿ ಕೊಡಬೇಕಾ ಅಂತ ಅಣ್ಣ ಕೇಳಿದ್ದ. ಬೇಡ. ಇವತ್ತು ಹಾಲ್‌ಗೆ ಮೊದಲ ಕೋಟ್, ನಾಳೆ ಅಡುಗೆಮನೆಗೆ, ನಾಡಿದ್ದು ಮತ್ತೆ ಹಾಲ್‌ಗೆ ಎರಡನೇದು. ಕೋಣೆಗಳನ್ನು ಹೀಗೆ ಸರದಿಯಲ್ಲಿ ತಿರುಗಿಸಿದರೆ ಕೆಲಸ ನಿಲ್ಲುವುದಿಲ್ಲ. ಗುತ್ತಿಗೆ ಮಾತಾಡುವಾಗಲೇ ಇದನ್ನು ಹೇಳಿಬಿಡಿ, ಆಮೇಲೆ ಹೇಳಿದರೆ ಜಗಳ.

ಪೇಂಟ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಬಕೆಟ್ ಮೇಲಿನ ಬರಹಕ್ಕೆ ಒಂದೂವರೆ. ಆ ಷರತ್ತಿಗೆ ಒಂದು ಸಾಲು ಜಾಗ ಸಾಕಿತ್ತು. ತವರಿನ ಮಲಗುವ ಕೋಣೆಯನ್ನು ಮಳೆ ಕಳೆದ ಮೇಲೆ ಉಜ್ಜಿ ಮತ್ತೆ ಬಳಿಸುತ್ತೇವೆ, ಇದೇ ಪೇಂಟ್‌ನಲ್ಲೇ. ಅದಕ್ಕೆ ಮೊದಲು ಕಿಟಕಿ ಕೆಳಗೆ ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಒಂದು ರಾತ್ರಿ ಬಿಡುತ್ತೇವೆ. ಬೆಳಿಗ್ಗೆ ಹಾಳೆಯ ಒಳಗೆ ನೀರು ಕಟ್ಟಿದ್ದರೆ ತೇವ ಬರುತ್ತಿರುವುದು ಗೋಡೆಯೊಳಗಿಂದ ಅಂತ ಲೆಕ್ಕ. ಹಾಗಿದ್ದರೆ ಮೊದಲು ಹೊರಗಿನ ಸಜ್ಜೆಯ ಬಿರುಕು ಮುಚ್ಚಿಸಬೇಕು, ಪೇಂಟರ್‌ನ ಕರೆಯುವುದು ಆಮೇಲೆ.